ಸಂಬಳಕ್ಕೋ, ಲೇಖನಕ್ಕಿಷ್ಟು ಎಂದೋ, ಏಜೆನ್ಸಿಗೋ?

ಮಲೆನಾಡಿನ ಪುಟ್ಟ ಪಟ್ಟಣವೊಂದರಲ್ಲಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಉದ್ದಿಮೆಯೊಂದಿದೆ ಎಂದುಕೊಳ್ಳೋಣ. ಮಾಲೀಕರೂ ಸೇರಿ ಹನ್ನೆರಡು ಜನ. ವೆಲ್ಡಿಂಗ್, ಫಿಟ್ಟಿಂಗ್, ಪೇಂಟಿಂಗ್ ಎಲ್ಲ ಒಂದೇ ಶೆಡ್ಡಿನಲ್ಲಿ. ಇಬ್ಬರು ಮೆಕ್ಯಾನಿಕ್‌ಗಳು ಊರೂರು ತಿರುಗಿ ಸರ್ವಿಸ್ ಮಾಡುತ್ತಾರೆ. ಇಷ್ಟು ವರ್ಷ ಬಾಯಿಮಾತಿನಿಂದ, ಕೃಷಿ ಮೇಳದ ಮಳಿಗೆಯಿಂದ ವ್ಯಾಪಾರ ನಡೆದಿದೆ. ಈಗಿನ ಬೆಳೆಗಾರರು ಹಾಗಲ್ಲ. ಮೊದಲು ಯೂಟ್ಯೂಬ್‌ನಲ್ಲಿ ನಾಲ್ಕಾರು ಯಂತ್ರ ನೋಡುತ್ತಾರೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ವಿಚಾರಿಸುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ. ಹಾಗಾಗಿ ತಾವೂ ವಿಡಿಯೊ, ಲೇಖನ ಹಾಕಬೇಕು ಎಂದು ಮಾಲೀಕರಿಗೆ ಅನ್ನಿಸಿದೆ. ಮಾಡುವವರು ಯಾರು? ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕೋ, ಕೆಲಸಕ್ಕೆ ಇಷ್ಟು ಎಂದು ಫ್ರೀಲಾನ್ಸರ್‌ಗೆ ವಹಿಸಬೇಕೋ, ಬೆಂಗಳೂರಿನ ಏಜೆನ್ಸಿಗೆ ಒಪ್ಪಿಸಬೇಕೋ?

ಕಂಟೆಂಟ್ ಮಾರ್ಕೆಟಿಂಗ್ ಎಂದರೆ ಜಾಹೀರಾತಲ್ಲ. ಗಿರಾಕಿಗೆ ತನ್ನ ಕೆಲಸದಲ್ಲಿ ನೆರವಾಗುವ ಮಾಹಿತಿಯನ್ನು ಕೊಡುತ್ತಾ ಹೋಗುವುದು, ಆ ನಂಬಿಕೆಯ ಮೇಲೆ ವ್ಯಾಪಾರ ಬೆಳೆಯಲು ಬಿಡುವುದು. ಅಮೆರಿಕದ ಜಾನ್ ಡೀರ್ ಕಂಪನಿ 1895ರಲ್ಲೇ ‘ದಿ ಫರೋ’ ಎಂಬ ಪತ್ರಿಕೆಯನ್ನು ರೈತರಿಗಾಗಿ ಶುರು ಮಾಡಿತು, ಅದು ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ ಪುತ್ತೂರಿನಿಂದ 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ ಯಾವ ಕಂಪನಿಯ ಮಾರಾಟದ ಸಾಧನವೂ ಅಲ್ಲ. ಆದರೆ ಕೃಷಿಕರ ಕೈಗೇ ಲೇಖನಿ ಕೊಟ್ಟ ಆ ಪತ್ರಿಕೆಯಿಂದ ಯಂತ್ರ ಮಾರುವವರು ಕಲಿಯಬೇಕಾದ್ದಿದೆ: ಅಡಿಕೆ ಬೆಳೆಗಾರರು ವಿವರವಾದ ಬರಹವನ್ನು ಓದುತ್ತಾರೆ, ಬರೆದವರಿಗೆ ವಿಷಯ ಗೊತ್ತಿರಬೇಕು ಅಷ್ಟೆ.

ಸಾಮಾನ್ಯವಾಗಿ ಮಾಲೀಕರು ಮೊದಲು ಕೇಳುವುದು ‘ತಿಂಗಳಿಗೆ ಎಷ್ಟಾಗುತ್ತದೆ’ ಎಂದು. ಆ ಪ್ರಶ್ನೆ ಎರಡನೆಯದಾಗಬೇಕು. ಮೊದಲನೆಯದು, ಮಾಡಬೇಕಾದ ಕೆಲಸ ಎಷ್ಟು ಗಂಟೆಯದು ಮತ್ತು ಯಾವ ತಿಂಗಳಲ್ಲಿ ಬರುತ್ತದೆ ಎಂಬುದು.

ನಮ್ಮ ಯಂತ್ರದ ಉದ್ದಿಮೆಯ ಕೆಲಸವನ್ನೇ ಅಳೆದು ನೋಡೋಣ. ಒಂದು ಒಳ್ಳೆಯ ಲೇಖನಕ್ಕೆ ಹತ್ತು ಗಂಟೆ ಹಿಡಿಯುತ್ತದೆ. ಮೆಕ್ಯಾನಿಕ್ ಜತೆ ಒಂದೂವರೆ ಗಂಟೆ ಮಾತು, ರೆಕಾರ್ಡಿಂಗ್ ಮತ್ತೆ ಕೇಳಿ ಟಿಪ್ಪಣಿ ಮಾಡಿಕೊಳ್ಳಲು ಇನ್ನೊಂದೂವರೆ, ಬರೆಯಲು ನಾಲ್ಕು, ತಿದ್ದಲು ಎರಡು, ಚಿತ್ರ ಸೇರಿಸಿ ಪ್ರಕಟಿಸಲು ಒಂದು. ತೋಟದಲ್ಲಿ ತೆಗೆಯುವ ವಿಡಿಯೊಗೆ ಇಪ್ಪತ್ತು ಗಂಟೆ: ಹೋಗಿ ಚಿತ್ರೀಕರಿಸಿ ಬರಲು ಇಡೀ ದಿನ, ಎಡಿಟಿಂಗ್‌ಗೆ ಒಂಬತ್ತು ಗಂಟೆ, ತಲೆಬರಹ, ಅಡಿಬರಹ, ಅಪ್‌ಲೋಡ್‌ಗೆ ಮೂರು. ತಿಂಗಳಿಗೆ ಎರಡು ಲೇಖನ, ಎರಡು ವಿಡಿಯೊ, ಅದರ ಜತೆ ವಾಟ್ಸ್ಆ್ಯಪ್ ಸುದ್ದಿ, ಫೋಟೊ, ಕಮೆಂಟುಗಳಿಗೆ ಉತ್ತರ ಎಂದು ವಾರಕ್ಕೆ ಐದು ಗಂಟೆ ಹಿಡಿದರೆ ಒಟ್ಟು 80 ಗಂಟೆ.

ಆದರೆ ವರ್ಷವಿಡೀ ಇದೇ ವೇಗ ಬೇಕಿಲ್ಲ. ಮಲೆನಾಡಿನಲ್ಲಿ ಕೊನೆಕೊಯ್ಲು ಜೋರಾಗುವುದು ಮಳೆಗಾಲ ಮುಗಿದ ಮೇಲೆ. ಹಸಿ ಅಡಿಕೆ ಯಂತ್ರದಲ್ಲಿ ಸುಲಿಯುವುದನ್ನು ಚಿತ್ರೀಕರಿಸಬೇಕಾದರೆ ಆಗಲೇ, ಬೇರೆ ಕಾಲದಲ್ಲಿ ಆಗದು. ಬೆಳೆಗಾರರು ಯಂತ್ರ ಹುಡುಕುವುದು ಮಾತ್ರ ಅದಕ್ಕೂ ಮುಂಚೆ, ಕೊಯ್ಲು ಹತ್ತಿರ ಬರುತ್ತಿದ್ದಂತೆ. ಅಂದರೆ ಈ ಕೊಯ್ಲಿನಲ್ಲಿ ತೆಗೆದ ದೃಶ್ಯ ಹೆಚ್ಚಾಗಿ ದುಡಿಯುವುದು ಮುಂದಿನ ಕೊಯ್ಲಿನ ಮೊದಲು. ಜೂನ್‌ನಲ್ಲಿ ಅವಸರದಿಂದ ಒಪ್ಪಂದ ಮಾಡಿಕೊಂಡರೆ ಬಂದವರಿಗೆ ತೋರಿಸಲು ಓಡುವ ಯಂತ್ರವೇ ಇರುವುದಿಲ್ಲ, ಶೆಡ್ಡಿನಲ್ಲಿ ಬಣ್ಣ ಬಳಿದು ನಿಲ್ಲಿಸಿದ ಯಂತ್ರವನ್ನೇ ಸುತ್ತು ಹಾಕಿ ತೆಗೆಯುತ್ತಾರೆ. ಆ ವಿಡಿಯೊ ನೋಡಿ ಯಾರೂ ಯಂತ್ರ ಕೊಳ್ಳುವುದಿಲ್ಲ.

ಹೀಗೆ ಜುಲೈನಿಂದ ಜನವರಿವರೆಗೆ ಏಳು ತಿಂಗಳು 80 ಗಂಟೆಯಂತೆ, ಉಳಿದ ಐದು ತಿಂಗಳು ಒಂದು ಲೇಖನ, ಕೈಯಲ್ಲಿರುವ ದೃಶ್ಯಗಳಿಂದ ಕಟ್ಟಿದ ಒಂದು ವಿಡಿಯೊ, ಸಣ್ಣಪುಟ್ಟ ಕೆಲಸ ಸೇರಿ 30 ಗಂಟೆಯಂತೆ ಹಿಡಿದರೆ ವರ್ಷಕ್ಕೆ 710 ಗಂಟೆ. ಪೂರ್ಣಾವಧಿ ನೌಕರರೊಬ್ಬರು ತಿಂಗಳಿಗೆ 25 ದಿನ, ದಿನಕ್ಕೆ ಎಂಟು ಗಂಟೆ ಆಫೀಸಿನಲ್ಲಿರುತ್ತಾರೆ. ಸಭೆ, ಕಾಯುವಿಕೆ, ರಜೆ, ಬೇರೆ ಓಡಾಟ ಕಳೆದು ನಿಜವಾಗಿ ಈ ಕೆಲಸಕ್ಕೆ ಸಿಗುವುದು 130 ಗಂಟೆ ಎಂದುಕೊಂಡರೂ ವರ್ಷಕ್ಕೆ 1,560 ಗಂಟೆ. ನಮಗೆ ಬೇಕಿರುವುದು ಅದರ ಅರ್ಧಕ್ಕಿಂತ ಕಡಿಮೆ.

ಈಗ ಹಣದ ಮಾತು. ದರಗಳು ಊರಿಂದ ಊರಿಗೆ, ಮನುಷ್ಯರಿಂದ ಮನುಷ್ಯರಿಗೆ ಬದಲಾಗುತ್ತವೆ. ಇಲ್ಲಿರುವುದು ಲೆಕ್ಕ ಹಾಕುವ ಕ್ರಮ ತೋರಿಸಲು ನಾನು ಇಟ್ಟುಕೊಂಡ ಅಂಕಿಗಳು, ನಿಮ್ಮೂರಿನ ದರ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ. ಬರೆಯಲೂ ಎಡಿಟಿಂಗ್‌ಗೂ ಬರುವ ಯುವಕನಿಗೋ ಯುವತಿಗೋ ತಿಂಗಳಿಗೆ 28,000 ಸಂಬಳ, ದೀಪಾವಳಿಗೆ ಒಂದು ತಿಂಗಳ ಬೋನಸ್, ಒಂದು ಲಕ್ಷದ ಲ್ಯಾಪ್‌ಟಾಪ್, ಕ್ಯಾಮೆರಾ, ಮೈಕನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹತ್ತಿರಹತ್ತಿರ 4 ಲಕ್ಷ. ಹನ್ನೆರಡು ಜನರ ಸಂಸ್ಥೆಗೆ ಪಿಎಫ್ ಕಡ್ಡಾಯವಲ್ಲ, ಅದು ಬರುವುದು ಇಪ್ಪತ್ತು ಜನರಾದಾಗ. ಫ್ರೀಲಾನ್ಸರ್ ಆದರೆ ಲೇಖನಕ್ಕೆ 4,000, ಚಿತ್ರೀಕರಣ ಸೇರಿ ವಿಡಿಯೊಗೆ 10,000, ಬಿಡಿ ಕೆಲಸಕ್ಕೆ ತಿಂಗಳಿಗೆ 6,000. ಬಿಡುವಿನ ತಿಂಗಳುಗಳಲ್ಲಿ ಎಲ್ಲ ಸೇರಿ 13,000. ವರ್ಷಕ್ಕೆ ಸುಮಾರು 3 ಲಕ್ಷ. ಏಜೆನ್ಸಿಯ ಮಾಸಿಕ ಶುಲ್ಕ 60,000 ಎಂದರೆ ವರ್ಷಕ್ಕೆ 7 ಲಕ್ಷದ 20 ಸಾವಿರ. ಅದರ ಮೇಲೆ ಶೇ 18 ಜಿಎಸ್‌ಟಿ ಇದೆ, ಆದರೆ ಉದ್ದಿಮೆ ಜಿಎಸ್‌ಟಿ ನೋಂದಣಿ ಮಾಡಿಸಿ ತೆರಿಗೆ ಕಟ್ಟುತ್ತಿದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯಬಹುದು.

ಗಂಟೆಗೆ ಭಾಗಿಸಿ ನೋಡಿ. 710 ಗಂಟೆಯ ಕೆಲಸಕ್ಕೆ ಫ್ರೀಲಾನ್ಸರ್ ಗಂಟೆಗೆ ಸುಮಾರು 425 ರೂಪಾಯಿ, ಸಂಬಳದವರು 560 ರೂಪಾಯಿ. ಅದೇ ನೌಕರರಿಗೆ ವರ್ಷವಿಡೀ ಕೈತುಂಬ ಕೆಲಸವಿದ್ದರೆ ಗಂಟೆಗೆ 255 ರೂಪಾಯಿಗೆ ಇಳಿಯುತ್ತದೆ. ಎರಡೂ ಸಮವಾಗುವುದು ವರ್ಷಕ್ಕೆ 930 ಗಂಟೆಯ ಆಸುಪಾಸಿನಲ್ಲಿ, ಅಂದರೆ ತಿಂಗಳಿಗೆ ಸರಾಸರಿ 78 ಗಂಟೆ. ಕೆಲಸ ಅದಕ್ಕಿಂತ ಕಡಿಮೆ ಇರುವಾಗ ನೌಕರರನ್ನು ಇಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ಅನೇಕ ಸಂಸ್ಥೆಗಳ ಫೇಸ್‌ಬುಕ್ ಪುಟದಲ್ಲೇ ಕಾಣಬಹುದು. ಖಾಲಿ ಉಳಿದ ಹೊತ್ತನ್ನು ತುಂಬಲು ಸಂಕ್ರಾಂತಿ ಶುಭಾಶಯ, ಯುಗಾದಿ ಶುಭಾಶಯ, ಮಹಿಳಾ ದಿನ, ಪರಿಸರ ದಿನ, ನಡುನಡುವೆ ಸುಭಾಷಿತ. ಪುಟದಲ್ಲಿ ವಾರಕ್ಕೆ ನಾಲ್ಕು ಪೋಸ್ಟರ್ ಬಂದರೂ ಯಂತ್ರದ ಬಗ್ಗೆ ಒಂದು ಪ್ರಶ್ನೆಗೂ ಉತ್ತರವಿಲ್ಲದಿದ್ದರೆ, ಆ ನೌಕರರಿಗೆ ಕೆಲಸ ಸಾಲುತ್ತಿಲ್ಲ ಎಂದೇ ತಿಳಿಯಬೇಕು. ಅದು ಅವರ ತಪ್ಪಲ್ಲ. ಬಿಲ್ಲಿಂಗ್, ಮೇಳದ ಮಳಿಗೆ, ಡೀಲರುಗಳ ಕ್ಯಾಟಲಾಗ್ ಕೆಲಸವನ್ನೂ ಸೇರಿಸಿ ಕೊಡುವುದಾದರೆ ನೇಮಕದ ದಿನವೇ ಅದನ್ನು ಸ್ಪಷ್ಟವಾಗಿ ಹೇಳಬೇಕು.

ಇಲ್ಲಿಗೆ ಲೆಕ್ಕ ಮುಗಿಯಿತು ಎನ್ನುವಂತಿಲ್ಲ. ಯಾವ ಬಿಲ್ಲಿನಲ್ಲೂ ಕಾಣದ ಒಂದು ಖರ್ಚು ಇನ್ನೂ ಉಳಿದಿದೆ, ಅದು ಮಾಲೀಕರ ಸ್ವಂತ ಸಮಯ. ನನ್ನ ಮಟ್ಟಿಗೆ ಇಡೀ ಆಯ್ಕೆ ನಿಂತಿರುವುದು ಇದರ ಮೇಲೆಯೇ.

ಏಜೆನ್ಸಿಯಿಂದ ಬರುವ ಮೊದಲ ಕರಡು ಹೇಗಿರುತ್ತದೆ ನೋಡಿ: ‘ನಮ್ಮ ಅತ್ಯಾಧುನಿಕ ಯಂತ್ರವು ಎಲ್ಲ ಬಗೆಯ ಅಡಿಕೆಯನ್ನು ಕ್ಷಣಾರ್ಧದಲ್ಲಿ ಸುಲಿದು ರೈತರ ಶ್ರಮವನ್ನು ಉಳಿಸುತ್ತದೆ.’ ವ್ಯಾಕರಣ ಸರಿಯಾಗಿದೆ. ಆದರೆ ಅಡಿಕೆ ಬೆಳೆಗಾರರು ಈ ಒಂದು ವಾಕ್ಯ ಓದಿ ಪುಟ ಮುಚ್ಚುತ್ತಾರೆ. ಕೆಂಪಡಿಕೆ ಮಾಡುವವರು ಸುಲಿಯುವುದು ಹಸಿ ಅಡಿಕೆ. ಚಾಲಿ ಮಾಡುವವರು ಹಣ್ಣಡಿಕೆಯನ್ನು ತಿಂಗಳಿಗೂ ಮಿಕ್ಕಿ ಬಿಸಿಲಲ್ಲಿ ಒಣಗಿಸಿ ಆಮೇಲೆ ಸುಲಿಯುತ್ತಾರೆ. ಹಸಿಯ ಸಿಪ್ಪೆ ಬೇರೆ, ಒಣಗಿದ ಸಿಪ್ಪೆ ಬೇರೆ, ‘ಎಲ್ಲ ಬಗೆಯ’ ಎಂದ ಕೂಡಲೇ ಬರೆದವರಿಗೆ ಅಡಿಕೆ ಗೊತ್ತಿಲ್ಲ ಎಂದು ತಿಳಿದುಹೋಗುತ್ತದೆ.

ಅದೇ ಸರ್ವಿಸ್ ಮೆಕ್ಯಾನಿಕ್‌ನ ಫೋನಿಗೆ ಬರುವ ಪ್ರಶ್ನೆಗಳನ್ನು ಕೇಳಿ. ‘ನೂರರಲ್ಲಿ ಎಷ್ಟು ಅಡಿಕೆಗೆ ಪೆಟ್ಟು ಬೀಳುತ್ತೆ ಮಾರಾಯ್ರೆ?’ ‘ಸಣ್ಣ ಕಾಯಿ ಸುಲಿಯದೆ ಹಾಗೇ ಬಂದ್ರೆ ಏನು ತಿರುಗಿಸ್ಬೇಕು?’ ‘ನಮ್ಮಲ್ಲಿ ತ್ರೀ ಫೇಸ್ ಇಡೀ ದಿನ ಇರಲ್ಲ, ಮನೆ ಲೈನಲ್ಲಿ ಓಡುತ್ತಾ?’ ‘ಮೆಟ್ಟುಗತ್ತಿಯಲ್ಲಿ ಸುಲಿಯೋರು ಸಿಗ್ತಿಲ್ಲ, ಹತ್ತು ಕ್ವಿಂಟಲ್ ಬೆಳೆಗೆ ಯಂತ್ರ ತಗೊಂಡ್ರೆ ಗಿಟ್ಟುತ್ತಾ?’ ಒಂದೊಂದು ಪ್ರಶ್ನೆಯೂ ಒಂದೊಂದು ಲೇಖನ ಅಥವಾ ವಿಡಿಯೊ. ಉತ್ತರಗಳೂ ಆ ಮೆಕ್ಯಾನಿಕ್ ತಲೆಯಲ್ಲೇ ಇವೆ. ಪೆಟ್ಟು ಬೀಳುವ ಪ್ರಮಾಣವನ್ನು ಮುಚ್ಚಿಡದೆ, ಒಂದು ಬುಟ್ಟಿ ಅಡಿಕೆ ಸುಲಿದು ಕ್ಯಾಮೆರಾದ ಮುಂದೆ ಎಣಿಸಿ ತೋರಿಸಿದ ವಿಡಿಯೊವನ್ನು ಬೆಳೆಗಾರರು ಒಬ್ಬರಿಂದೊಬ್ಬರಿಗೆ ಕಳಿಸಿಕೊಳ್ಳುತ್ತಾರೆ.

ಹಾಗಾದರೆ ಆ ತಿಳಿವಳಿಕೆಯನ್ನು ಮೆಕ್ಯಾನಿಕ್ ತಲೆಯಿಂದ ಹೊರತೆಗೆಯಲು ಯಾರಿಗೆ ಸುಲಭ? ಊರಿನ ಕಡೆಯ, ಮನೆಯಲ್ಲಿ ತೋಟವಿರುವ ಫ್ರೀಲಾನ್ಸರ್ ಸ್ಕೂಟರಿನಲ್ಲಿ ಬಂದು ಅವರ ಜತೆ ಒಂದು ದಿನ ತಿರುಗಿದರೆ ತಿಂಗಳ ಸಾಮಗ್ರಿ ಸಿಗುತ್ತದೆ. ಮಾಲೀಕರು ತಿಂಗಳಿಗೆ ನಾಲ್ಕೈದು ಗಂಟೆ ಕೊಟ್ಟರೆ ಸಾಕು. ಹೊಸ ನೌಕರರಿಗೆ ಮೊದಲ ಎರಡು ಮೂರು ತಿಂಗಳು ಮಾಲೀಕರ ಸಮಯ ಹೆಚ್ಚು ಬೇಕು, ಆಮೇಲೆ ಶೆಡ್ಡಿನಲ್ಲೇ ಇರುವುದರಿಂದ ಅವರಷ್ಟು ವಿಷಯ ಬಲ್ಲವರು ಬೇರೊಬ್ಬರಿರುವುದಿಲ್ಲ. ಏಜೆನ್ಸಿಯಲ್ಲಿ ಮಾತಾಡುವವರು ಅಕೌಂಟ್ ಮ್ಯಾನೇಜರ್, ಬರೆಯುವವರು ಇನ್ನೊಬ್ಬರು, ವಿನ್ಯಾಸ ಮಾಡುವವರು ಮತ್ತೊಬ್ಬರು. ಮಾಲೀಕರು ಹೇಳಿದ್ದು ಎರಡು ಕೈ ದಾಟಿ ಹೋಗುತ್ತದೆ. ಕರಡು ತಿದ್ದುವುದರಲ್ಲೇ ತಿಂಗಳಿಗೆ ಹದಿನೈದು ಗಂಟೆ ಕಳೆದುಹೋದರೆ, 60,000 ಕೊಟ್ಟೂ ಕೆಲಸ ಮಾಲೀಕರ ತಲೆಯ ಮೇಲೇ ಉಳಿದಂತೆ. ತಿದ್ದಿ ಕಳಿಸಿದ ತಪ್ಪು ಎರಡು ತಿಂಗಳ ನಂತರ ಮತ್ತೆ ಅದೇ ರೂಪದಲ್ಲಿ ಬಂದರೆ ಅಲ್ಲಿ ಬರೆಯುವವರು ಬದಲಾಗಿದ್ದಾರೆ ಎಂದೇ ಅರ್ಥ. ಯಾರು ಬರೆಯುತ್ತಾರೆ, ಬದಲಾದರೆ ತಿಳಿಸುತ್ತೀರಾ ಎಂದು ಮೊದಲೇ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಏಜೆನ್ಸಿಗಳಿಗೆ ಅನ್ಯಾಯ ಮಾಡುವ ಉದ್ದೇಶ ನನ್ನದಲ್ಲ. ವೆಬ್‌ಸೈಟ್ ಹೊಸದಾಗಿ ಕಟ್ಟಬೇಕು, ಅದೇ ಹೊತ್ತಿಗೆ ಮೂರು ಭಾಷೆಯಲ್ಲಿ ಕ್ಯಾಟಲಾಗ್ ಬೇಕು, ಕೇರಳಕ್ಕೂ ಅಸ್ಸಾಮಿಗೂ ಮಾರಾಟ ವಿಸ್ತರಿಸಲು ಆನ್‌ಲೈನ್ ಜಾಹೀರಾತು ನಡೆಸಬೇಕು ಎಂಬಂಥ ಸಂದರ್ಭದಲ್ಲಿ ನಾಲ್ಕು ಬಗೆಯ ಕೌಶಲ ಒಟ್ಟಿಗೆ ಬೇಕಾಗುತ್ತದೆ. ಒಬ್ಬರಲ್ಲಿ ಅವೆಲ್ಲ ಸಿಗುವುದಿಲ್ಲ, ನಾಲ್ವರು ಫ್ರೀಲಾನ್ಸರ್‌ಗಳನ್ನು ಹೊಂದಿಸುವುದು ಮಾಲೀಕರಿಗೆ ಮತ್ತೊಂದು ಉದ್ಯೋಗವಾಗುತ್ತದೆ. ಆಗ ಏಜೆನ್ಸಿಯೇ ಸರಿ, ಆದರೆ ಇಂಥ ಕೆಲಸ, ಇಷ್ಟು ತಿಂಗಳು, ಇಷ್ಟು ಹಣ ಎಂದು ಗಡಿ ಹಾಕಿಕೊಂಡು. ಕೊನೆ ದಿನಾಂಕವಿಲ್ಲದ ಮಾಸಿಕ ಒಪ್ಪಂದ ಸಣ್ಣ ಉದ್ದಿಮೆಗೆ ಭಾರ.

ಫ್ರೀಲಾನ್ಸರ್ ದಾರಿಯಲ್ಲಿ ದೊಡ್ಡ ಅಪಾಯ ಬೇರೆ ಬಗೆಯದು. ಕೊಯ್ಲಿನ ಹೊತ್ತಿಗೆ ಅವರಿಗೆ ಜ್ವರ ಬರಬಹುದು, ಅಥವಾ ದೊಡ್ಡ ಗಿರಾಕಿ ಸಿಕ್ಕಿ ನಿಮ್ಮ ಫೋನ್ ಎತ್ತದಿರಬಹುದು. ಹಸಿ ಅಡಿಕೆಯ ದೃಶ್ಯ ತಪ್ಪಿದರೆ ಒಂದು ವರ್ಷವೇ ತಪ್ಪಿತು. ಹಾಗಾಗಿ ಬರೆಯುವವರು ಒಬ್ಬರು, ವಿಡಿಯೊ ಮಾಡುವವರು ಒಬ್ಬರು ಎಂದು ಇಬ್ಬರನ್ನು ಇಟ್ಟುಕೊಳ್ಳುವುದು ಕ್ಷೇಮ. ಚಿತ್ರೀಕರಣದ ದಿನಗಳನ್ನು ಮುಂಚೆಯೇ ಗೊತ್ತುಮಾಡಿ ಮುಂಗಡ ಕೊಡಿ, ಮೂಲ ದೃಶ್ಯಗಳ ಪ್ರತಿಯನ್ನು ಆಯಾ ವಾರವೇ ನಿಮ್ಮ ಹಾರ್ಡ್ ಡಿಸ್ಕಿಗೆ ಹಾಕಿಸಿಕೊಳ್ಳಿ. ಹಣ ಕೊಡುವುದರಲ್ಲಿ ನೀವೂ ನೆಟ್ಟಗಿರಬೇಕು. ಉದ್ಯಮ್ ನೋಂದಣಿ ಇರುವ ಸಣ್ಣ ಸೇವಾದಾರರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಪಾವತಿಸಬೇಕೆಂದು ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತದೆ, ತಡವಾದರೆ ಬಡ್ಡಿ ಕೊಡಬೇಕು.

ಹಕ್ಕಿನ ವಿಷಯ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರರು ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಸ್ಥೆಯದು. ಫ್ರೀಲಾನ್ಸರ್ ಬರೆದ ಲೇಖನ ಹಾಗಲ್ಲ. ಹಣ ಕೊಟ್ಟ ಮಾತ್ರಕ್ಕೆ ಅದರ ಹಕ್ಕು ನಿಮಗೆ ಬರುವುದಿಲ್ಲ, ಬರೆದವರು ಸಹಿ ಹಾಕಿದ ಲಿಖಿತ ಹಸ್ತಾಂತರ ಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಎಣಿಸುತ್ತದೆ. ದುಡ್ಡು ಕೊಟ್ಟು ತೆಗೆಸಿದ ಫೋಟೊ ಮತ್ತು ಚಲನಚಿತ್ರದ ವಿಚಾರದಲ್ಲಿ ಮಾತ್ರ ಕಾನೂನು ತೆಗೆಸಿದವರ ಕಡೆಗಿದೆ, ಅಲ್ಲೂ ಬೇರೆ ಒಪ್ಪಂದವಿಲ್ಲದಿದ್ದರೆ. ಏಜೆನ್ಸಿಯ ಒಪ್ಪಂದದಲ್ಲಿ ಹಕ್ಕು ಅವರಲ್ಲೇ ಉಳಿಯುತ್ತದೆ ಎಂಬ ಸಾಲು ಇರಬಹುದು, ಓದಿ ಸಹಿ ಹಾಕಿ. ಫ್ರೀಲಾನ್ಸರ್ ಜತೆ ಒಂದು ಪುಟದ ಕಾಗದ ಸಾಕು: ಯಾವ ಕೆಲಸ, ಎಷ್ಟು ಸಲ ತಿದ್ದಿಕೊಡಬೇಕು, ಹಣ ಎಂದು, ಹಕ್ಕು ಯಾರಿಗೆ, ಎಷ್ಟು ಕಾಲಕ್ಕೆ.

ಕಾಗದಕ್ಕಿಂತ ಮುಖ್ಯವಾದದ್ದು ಖಾತೆಗಳು. ಯೂಟ್ಯೂಬ್ ಚಾನೆಲ್, ಗೂಗಲ್ ಬಿಸಿನೆಸ್ ಪ್ರೊಫೈಲ್, ಫೇಸ್‌ಬುಕ್ ಪುಟ, ವೆಬ್‌ಸೈಟಿನ ಡೊಮೇನ್ ಇವೆಲ್ಲ ಸಂಸ್ಥೆಯ ಇಮೇಲ್‌ನಲ್ಲಿ, ಸಂಸ್ಥೆಯ ಫೋನ್ ನಂಬರಿನಲ್ಲಿ ತೆರೆದಿರಬೇಕು. ಕೆಲಸ ಮಾಡುವವರಿಗೆ ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ. ಯೂಟ್ಯೂಬ್ ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ಸ್ ಎಂಬಲ್ಲಿ ಅವರ ಇಮೇಲ್ ಸೇರಿಸಿ ಎಡಿಟರ್ ಅಥವಾ ಮ್ಯಾನೇಜರ್ ಎಂದು ಆರಿಸಿದರೆ ಸಾಕು, ಬಿಟ್ಟುಹೋದ ದಿನ ತೆಗೆದುಹಾಕಬಹುದು. ಯಾರೋ ತಮ್ಮ ಸ್ವಂತ ಇಮೇಲ್‌ನಲ್ಲಿ ತೆರೆದುಕೊಟ್ಟ ಚಾನೆಲ್‌ನಲ್ಲಿ ಮೂರು ವರ್ಷದ ಕೆಲಸ ಕೂಡಿಬಿದ್ದ ಮೇಲೆ ಮನಸ್ತಾಪವಾದರೆ, ಅದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಯಾರನ್ನು ಆರಿಸಬೇಕೆಂದು ತಿಳಿಯಲು ಹಳೆಯ ಕೆಲಸದ ಮಾದರಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ. ಮನಸ್ಸಿನಲ್ಲಿರುವ ಇಬ್ಬರು ಮೂವರಿಗೆ ಒಂದೇ ಕೆಲಸ ಕೊಡಿ: ಮೆಕ್ಯಾನಿಕ್ ಜತೆ ಅರ್ಧ ಗಂಟೆ ಮಾತಾಡಿ, ‘ಸಣ್ಣ ಕಾಯಿ ಸುಲಿಯದೆ ಬಂದರೆ ಏನು ಮಾಡಬೇಕು’ ಎಂದು ಒಂದು ಪುಟ ಬರೆದು ತರಲಿ. ಎಲ್ಲರಿಗೂ ಅದಕ್ಕೆ ತಕ್ಕ ಹಣ ಕೊಡಿ, ಪರೀಕ್ಷೆಯ ಹೆಸರಿನಲ್ಲಿ ಪುಕ್ಕಟೆ ಬರೆಸಿಕೊಳ್ಳುವುದು ಸರಿಯಲ್ಲ. ಬಂದ ಪುಟವನ್ನು ಮಾಲೀಕರಲ್ಲ, ಆ ಮೆಕ್ಯಾನಿಕ್ ಮತ್ತು ಒಬ್ಬ ಹಳೆಯ ಗಿರಾಕಿ ಓದಲಿ. ‘ಇದರಂತೆ ಮಾಡಿದರೆ ಯಂತ್ರ ಸರಿಯಾಗುತ್ತದೆ’ ಎಂದು ಅವರು ಹೇಳಿದ ಪುಟ ಬರೆದವರೇ ಬೇಕಾದವರು. ಮಾತಿನ ವೇಳೆ ಯಾರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಯಾರು ತಲೆಯಾಡಿಸಿ ಎದ್ದುಹೋದರು ಎಂದೂ ಮೆಕ್ಯಾನಿಕ್ ಹೇಳಬಲ್ಲರು.

ಇಷ್ಟೆಲ್ಲ ನೋಡಿದ ಮೇಲೆ ಈ ಉದ್ದಿಮೆಗೆ ನಾನು ಹೇಳುವುದು ಇದು. ಮೊದಲ ವರ್ಷ ಮಲೆನಾಡಿನವರೇ ಆದ ಇಬ್ಬರು ಫ್ರೀಲಾನ್ಸರ್‌ಗಳು, ಒಳಗಿನಿಂದ ಜವಾಬ್ದಾರಿ ಹೊರುವ ಒಬ್ಬರು. ಆ ಒಬ್ಬರು ಮಾಲೀಕರ ಮಗಳಾಗಿರಬಹುದು, ಲೆಕ್ಕ ಬರೆಯುವವರಾಗಿರಬಹುದು, ವಾರಕ್ಕೆ ಎರಡು ಗಂಟೆ ಮೀಸಲಿಟ್ಟರೆ ಸಾಕು. ಒಪ್ಪಂದ ಸೆಪ್ಟೆಂಬರ್‌ನಲ್ಲಿ ಆಗಲಿ, ಕ್ಯಾಮೆರಾ ತೋಟಕ್ಕೆ ಹೋಗುವುದು ಕೊಯ್ಲಿನ ಜತೆಗೇ. ಫಲ ಬಂತೇ ಎಂದು ಮೂರು ತಿಂಗಳಿಗೇ ತೀರ್ಮಾನಿಸಬಾರದು, ಮುಂದಿನ ಕೊಯ್ಲಿನ ತನಕ ಕಾಯಬೇಕು. ಅಷ್ಟರಲ್ಲಿ ಆಫೀಸಿನ ಫೋನ್ ಪಕ್ಕ ಒಂದು ಪುಸ್ತಕವಿಟ್ಟು, ವಿಚಾರಿಸಿದ ಪ್ರತಿಯೊಬ್ಬರ ಊರು, ನಮ್ಮ ಯಂತ್ರವನ್ನು ಎಲ್ಲಿ ಕಂಡರು, ಏನು ಕೇಳಿದರು ಎಂದು ಬರೆದಿಡಬೇಕು. ಎಷ್ಟು ಜನ ನೋಡಿದರು ಎಂಬ ಯೂಟ್ಯೂಬ್ ಸಂಖ್ಯೆಗಿಂತ ಆ ಪುಸ್ತಕ ಹೆಚ್ಚು ಹೇಳುತ್ತದೆ.

ಪುಸ್ತಕದಲ್ಲಿ ಹೊಸ ಪ್ರಶ್ನೆಗಳು ಹೆಚ್ಚುತ್ತಾ, ಕೆಲಸ ಆರು ತಿಂಗಳು ಸತತವಾಗಿ ತಿಂಗಳಿಗೆ ನೂರು ಗಂಟೆಯ ಹತ್ತಿರ ಬಂದರೆ ಆಗ ಪೂರ್ಣಾವಧಿ ನೇಮಕದ ಮಾತಾಡಬಹುದು. ಇಬ್ಬರು ಫ್ರೀಲಾನ್ಸರ್‌ಗಳಲ್ಲಿ ಯಾರಿಗಾದರೂ ಮನಸ್ಸಿದ್ದರೆ ಮೊದಲು ಅವರನ್ನೇ ಕೇಳಿ. ಒಂದು ವರ್ಷದಲ್ಲಿ ಯಂತ್ರವನ್ನೂ ಮೆಕ್ಯಾನಿಕ್‌ಗಳನ್ನೂ ಗಿರಾಕಿಗಳನ್ನೂ ಅವರು ಕಂಡಿರುತ್ತಾರೆ, ಮೊದಲ ಮೂರು ತಿಂಗಳ ಕಲಿಕೆಯ ಖರ್ಚು ಉಳಿಯುತ್ತದೆ.